ಕತ್ತರಿಸಿದ ನಲವತ್ತು ನಿಮಿಷ

ಮದುವೆ ವಿಡಿಯೋ ಮಾಡುವವರಿಗೆ ಬೇಸರ ತರಿಸುವ ಭಾಗ ಉಡುಗೊರೆ ಒಪ್ಪಿಸುವ ಆಯೇರ. ಒಬ್ಬ ಮೈಕ್ ಹಿಡಿದು ಇಂಥವರ ಕಡೆಯಿಂದ ಸೀರೆ, ಇಂಥವರ ಕಡೆಯಿಂದ ಪಾತ್ರೆ ಎಂದು ಹೆಸರು ಹಿಡಿದು ಕೂಗುತ್ತಲೇ ಇರುತ್ತಾನೆ. ನಾನಂತೂ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಊಟಕ್ಕೆ ಹೋಗಿಬಿಡುತ್ತಿದ್ದೆ.

ಆಗ ಸೊರಟೂರಿನಲ್ಲಿ ನನ್ನ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ನಮ್ಮೂರಲ್ಲೇ ಒಂದು ಮದುವೆ ಮಾಡಿದ ಮರುದಿನ ವಧುವಿನ ಅಕ್ಕ ಪುಣೆಯಿಂದ ಫೋನ್ ಮಾಡಿದಳು. ಐದು ವರ್ಷದ ಹಿಂದೆ ತಾನೇ ಮೆಚ್ಚಿ ಮದುವೆಯಾಗಿ ಹೋದವಳು. ಅಂದಿನಿಂದ ಅಪ್ಪ ಅವಳೊಡನೆ ಮಾತು ಬಿಟ್ಟಿದ್ದ. ಈಗ ದಿನ ತುಂಬಿದ ಗರ್ಭಿಣಿ, ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು.

"ಅಣ್ಣಾರ, ಬುಧವಾರ ಹನ್ನೊಂದಕ್ಕ ನನಗ ಆಪರೇಷನ್ ಐತ್ರಿ. ಅಷ್ಟರಾಗ ಮದವಿ ನೋಡಬೇಕ್ರಿ. ಎಲ್ಲಾ ಕಳಸ್ರಿ, ಏನೂ ಕಟ್ ಮಾಡಬ್ಯಾಡ್ರಿ."

"ಆತ್ ತಂಗಿ, ಕಳಸ್ತೀನಿ," ಎಂದೆ. ಹೇಳುವುದಕ್ಕೇನು ಖರ್ಚು?

ಎರಡೂವರೆ ತಾಸಿನ ವಿಡಿಯೋ, ಹದಿನೆಂಟು ಜಿಬಿ. ನನ್ನ ಇಂಟರ್ನೆಟ್ ಎಂದರೆ ಕಿಟಕಿಗೆ ಕಟ್ಟಿದ ಮೊಬೈಲ್ ಹಾಟ್‌ಸ್ಪಾಟ್. ಪೆನ್‌ಡ್ರೈವ್ ಹಿಡಿದು ಗದಗಿಗೆ ಹೋಗಬಹುದಿತ್ತು, ಆದರೆ ಮದುವೆಗಳ ಸೀಸನ್ನು, ಕೈಬಿಡುವಿಲ್ಲ. ಸೋಮವಾರ ಬ್ರೌಸರಿನಲ್ಲೇ ಇಡೀ ಫೈಲ್ ಹಾಕಿದೆ. ಮಂಗಳವಾರ ಬೆಳಿಗ್ಗೆ ಶೇಕಡಾ ನಲವತ್ತು ತೋರಿಸುವಾಗ ಕರೆಂಟ್ ಹೋಗಿ ಕಂಪ್ಯೂಟರ್ ಆರಿತು. ಮತ್ತೆ ತೆರೆದರೆ ಸೊನ್ನೆ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ.

ಆಮೇಲೆ ತಲೆ ಉಪಯೋಗಿಸಿದೆ. ವಿಡಿಯೋದ ಅಳತೆ, ಬಿಟ್‌ರೇಟ್ ಎರಡನ್ನೂ ಇಳಿಸಿದಾಗ ಎರಡು ಜಿಬಿ ಚಿಲ್ಲರೆಗೆ ಬಂತು. ಫೋನಿನಲ್ಲಿ ನೋಡುವವರಿಗೆ ವ್ಯತ್ಯಾಸ ಅಷ್ಟೇನೂ ತಿಳಿಯದು. ಇನ್ನೂ ಹಗುರಾಗಲಿ ಎಂದು ನಲವತ್ತು ನಿಮಿಷದ ಆಯೇರವನ್ನು ಪೂರ್ತಿ ತೆಗೆದೆ. ಪಾತ್ರೆ ಪಡಗ ಯಾರು ನೋಡುತ್ತಾರೆ ಅಂದುಕೊಂಡೆ. ಉಳಿದದ್ದನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿದೆ. ಒಂದು ಕೈಕೊಟ್ಟರೂ ಮಿಕ್ಕವು ಉಳಿಯುತ್ತವೆ. ಹನಿ ಹನಿ ಕೂಡಿದರೆ ಹಳ್ಳ. ಬ್ರೌಸರ್ ಬಿಟ್ಟು, ನಿಂತಲ್ಲಿಂದಲೇ ಮುಂದುವರಿಸುವ ಅಪ್‌ಲೋಡ್ ಸಾಫ್ಟ್‌ವೇರ್ ಹಾಕಿದೆ. ಸಂಜೆ ಊರೆಲ್ಲ ಫೋನ್ ಹಿಡಿದು ಕೂತಿರುತ್ತದೆ, ನೆಟ್‌ವರ್ಕ್ ತೆವಳುತ್ತದೆ. ನಸುಕಿನಲ್ಲಿ ಅದು ಖಾಲಿ. ಅದಕ್ಕೇ ನಾಲ್ಕಕ್ಕೆ ಶುರುವಾಗುವಂತೆ ಟೈಮರ್ ಇಟ್ಟು, ಕಂಪ್ಯೂಟರ್ ತಾನಾಗಿ ಮಲಗದಂತೆ ಮಾಡಿ, ನೆರೆಮನೆಯ ಇನ್ವರ್ಟರ್ ಕಡ ತಂದೆ.

ಬುಧವಾರ ಎದ್ದು ನೋಡಿದರೆ ಆರು ತುಂಡು ಮುಗಿದಿದ್ದವು. ಏಳನೆಯದರಲ್ಲಿ ಸಿಗ್ನಲ್ ಹೋಯಿತು. ಕಾಲು ತಾಸಿನ ಮೇಲೆ ಬಂದಾಗ ಅದು ಅರ್ಧದಿಂದಲೇ ಮುಂದೆ ಸಾಗಿತು. ಎಂಟಕ್ಕೆ ಎಲ್ಲ ಮುಗಿಯಿತು. ಮೀಸೆ ತಿರುವಿಕೊಂಡು ಚಹಾ ಕುಡಿದೆ.

ಒಂಬತ್ತೂವರೆಗೆ ಅವಳ ಫೋನ್.

"ಅಣ್ಣಾರ, ಆಯೇರ ಎಲ್ಲೈತ್ರಿ?"

"ಅದೇನ್ ನೋಡ್ತಿ ತಂಗಿ? ಭಾಳ ದೊಡ್ಡದಿತ್ತು, ತಗದೇನಿ."

ಅವಳು ಹೇಳಿದಳು: "ಅವ್ವನ ಕೈಯಾಗ ತಂಗಿಗೊಂದು ಸೀರಿ ಕಳಿಸಿದ್ದೆ. ಅಪ್ಪ ನನ್ನ ಹೆಸರು ಕೂಗಾಕ ಬಿಟ್ಟನೋ ಇಲ್ಲೋ ನೋಡಬೇಕಿತ್ರಿ. ಹೆಸರು ಕೂಗಿದ್ರು ಅಂತಾಳ ಅವ್ವ. ನನ್ನ ಸಮಾಧಾನಕ್ಕ ಅವ್ವ ಏನರ ಹೇಳ್ತಾಳ್ರಿ."

ನಾಚಿಕೆಯಿಂದ ನನ್ನ ಮುಖ ಸಣ್ಣದಾಯಿತು. ಮೂಲ ಫೈಲ್ ತೆರೆದು ಓಡಿಸಿ ಓಡಿಸಿ ಹುಡುಕಿದೆ. ಆಯೇರದ ಮೂವತ್ತೊಂದನೆಯ ನಿಮಿಷದಲ್ಲಿ ಸಿಕ್ಕಿತು. ನಾನು ಊಟಕ್ಕೆ ಹೋಗಿದ್ದರಿಂದ ಚಿತ್ರದಲ್ಲಿ ಯಾರದೋ ತಲೆಯ ರುಮಾಲಿನ ಹಿಂಭಾಗ ಬಿಟ್ಟರೆ ಏನೂ ಇಲ್ಲ. ದನಿ ಮಾತ್ರ ಸ್ವಚ್ಛವಾಗಿತ್ತು. ಮೈಕಿನವನು ತಡವರಿಸುತ್ತ ಅವಳ ಹೆಸರು ಹೇಳಿದ್ದ: "ಹಿರೇಮಗಳು, ಅಳಿಯಂದು ಆಯೇರ. ಇಳಕಲ್ ಸೀರಿ." ಅದರ ಹಿಂದೆಯೇ ಒಂದು ಒರಟು ದನಿ.

ಆ ಒಂದು ನಿಮಿಷವನ್ನಷ್ಟೇ ಕತ್ತರಿಸಿ, ಚಿತ್ರವನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ, ದನಿಯನ್ನು ಮುಟ್ಟದೆ ಕಳಿಸಿದೆ. ನಾಲ್ಕು ಎಂಬಿ. ಹಗಲಿನ ನೆಟ್‌ವರ್ಕಿನಲ್ಲೂ ಒಂದು ನಿಮಿಷ ಹಿಡಿಯಲಿಲ್ಲ.

ಹತ್ತೂವರೆಗೆ ಮತ್ತೆ ಫೋನ್ ಬಂತು. ಅವಳು ಅಳುತ್ತಿದ್ದಳು.

"ಕೇಳಿದ್ರೇನ್ರಿ ಅಣ್ಣಾರ? 'ಹಂಗ ಹೇಳಿದ್ರ ಯಾರಿಗಿ ಕೇಳಸ್ತೈತಿ? ನನ್ನ ಮಗಳ ಹೆಸರು ಇನ್ನೊಮ್ಮಿ ಜೋರಾಗಿ ಕೂಗೋ ಲೇ' ಅಂತಾನಲ್ರಿ, ಅಂವ ನಮ್ಮಪ್ಪರಿ."