ಅಮ್ಮನಿಗೆ ಹೇಗೆ ಹೇಳಲಿ, ಡಾಕ್ಟ್ರೇ?

"ಅಮ್ಮಾ, ನಿನ್ನ ಕಾಯಿಲೆ ಬಗ್ಗೆ ನಿಂಗೇನನ್ಸುತ್ತೆ?" ಅಂತ ಕೊನೆಗೂ ಕೇಳಿದೆ. ತೊಂಬತ್ತರ ದಶಕದ ಮಾತು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಲಗಿದ್ದ ಅಮ್ಮನಿಗೆ ಕ್ಯಾನ್ಸರ್ ಲಿವರ್‌ಗೂ ಹಬ್ಬಿತ್ತು. ಹೇಗೆ ಹೇಳಲಿ ಎಂದು, ಅಮ್ಮನನ್ನು ನೋಡುತ್ತಿದ್ದ ಬೆಂಗಳೂರಿನ ಡಾಕ್ಟರಿಗೆ ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಉದ್ದನೆಯ ಲೆಟರ್ ಬರೆದಿದ್ದೆ. "ಅವರಿಗೇನು ಗೊತ್ತಿದೆ, ಎಷ್ಟು ತಿಳ್ಕೋಬೇಕು ಅನ್ಸುತ್ತೆ ಅಂತ ಮೊದಲು ಕೇಳಿ. ವಾಸಿಯಾಗುವುದಿಲ್ಲ, ಆದರೆ ನೋವು ತಗ್ಗಿಸಬಹುದು. ಇನ್ನೇನೂ ಮಾಡೋಕಾಗಲ್ಲ ಅಂತ ಮಾತ್ರ ಹೇಳಬೇಡಿ" ಎಂದು ಅವರು ಉತ್ತರಿಸಿದ್ದರು.

ಅಮ್ಮನ ರೆಸ್ಟ್‌ಗೆಂದು ನನ್ನ ತಮ್ಮ ಮನೆಯ ಪವರ್‌ಲೂಮ್ ಮಗ್ಗ ನಿಲ್ಲಿಸಿದ್ದ.

"ಸಾವಾದ ಮನೇಲಿ ಕಣೇ ಹೀಗೆ ಮಗ್ಗ ನಿಲ್ಸೋದು. ಅವತ್ತೇ ಗೊತ್ತಾಯ್ತು," ಎಂದಳು ಅಮ್ಮ. "ವಾಸಿಯಾಗಲ್ವಾ?"

"ಇಲ್ಲಮ್ಮ. ನೋವು ಕಮ್ಮಿ ಮಾಡ್ತಾರೆ."

"ಅಷ್ಟು ಮಾಡ್ಸು. ಮಗ್ಗ ಓಡ್ಸು ಅಂತ ಅವನಿಗ್ಹೇಳು, ಇನ್ನೂ ಇದ್ದೀನಿ."

ಡಾಕ್ಟರು ಹೇಳಿದಂತೆ, ನೋವು ಬರುವವರೆಗೆ ಕಾಯದೆ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್, ಅದರಿಂದ ಮಲಬದ್ಧತೆ ಆಗದಂತೆ ಇನ್ನೊಂದು ಔಷಧಿ. ಮಗ್ಗದ ಸದ್ದಿನಲ್ಲೇ ಅಮ್ಮನಿಗೆ ಒಳ್ಳೆ ನಿದ್ದೆ ಬಂತು.

ಆಮೇಲೆ ನಾವು ಮುಚ್ಚಿಡದೆ ಮಾತಾಡಿದೆವು, ನಕ್ಕೆವು ಕೂಡ. ಆ ಡಾಕ್ಟರ ಮುಖ ಈಗ ಸರಿಯಾಗಿ ನೆನಪಿಲ್ಲ. ಆದರೆ ಅಮ್ಮನ ಕೊನೆಯ ವಾರಗಳು ನನಗೆ ಪೂರ್ತಿ ಸಿಕ್ಕಿದ್ದು ಅವರಿಂದಲೇ.