ದೇವರ ಮನೆಯ ಹದಿನೇಳನೇ ಪೆಟ್ಟಿಗೆ

ಅರವತ್ತರ ದಶಕದ ಮೊದಲಲ್ಲಿ ನಾನು ಮದರಾಸಿನ ಬಂದರಿನ ಹತ್ತಿರ, ಮನೆ ಸಾಮಾನು ಕಟ್ಟಿ ಪರ ಊರಿಗೆ ಕಳಿಸುವ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಪಟ್ಟಿ ಬರೆಯುವುದು ನನ್ನ ಕೆಲಸ. ಪೆಟ್ಟಿಗೆಯ ನಂಬರು, ಯಾವ ಕೋಣೆಯದು, ಒಳಗೇನಿದೆ, ಒಡೆಯುವಂಥದ್ದೋ ಅಲ್ಲವೋ, ಕಟ್ಟುವಾಗ ಹೇಗಿತ್ತು, ಎಲ್ಲವನ್ನೂ ಕಾರ್ಬನ್ ಇಟ್ಟು ಮೂರು ಪ್ರತಿ ಬರೆಯಬೇಕು. ಹಳೆಯ ಗೀರು ಬಿರುಕುಗಳನ್ನು ಆಗಲೇ ಬರೆದುಕೊಳ್ಳದಿದ್ದರೆ ಅವೆಲ್ಲ ದಾರಿಯಲ್ಲಿ ಆದವೆಂದೇ ಅರ್ಥ. ವಿಮೆಯವರ ಕಣ್ಣು ಮೊದಲು ಹೋಗುವುದು ಆ ಕೊನೆಯ ಕಾಲಮ್ಮಿಗೆ. ಬರೆದದ್ದನ್ನು ಮನೆಯವರೆದುರು ಗಟ್ಟಿಯಾಗಿ ಓದಿ ಸಹಿ ಹಾಕಿಸಿಕೊಂಡ ಮೇಲೆಯೇ ಲಾರಿ ಹೊರಡುತ್ತಿತ್ತು.

ಸಾಮಾನು ಕಟ್ಟುತ್ತಿದ್ದವರು ಪುರಸೈವಾಕ್ಕಂನ ಒಬ್ಬ ಮೇಸ್ತ್ರಿ. ಮೂವತ್ತು ವರ್ಷದಲ್ಲಿ ಒಂದು ಲೋಟವನ್ನೂ ಒಡೆದವರಲ್ಲ. ಅದನ್ನು ದಿನಕ್ಕೆರಡು ಸಲ ಹೇಳಿ ನಮ್ಮ ತಲೆ ತಿನ್ನುತ್ತಿದ್ದರು.

ತಿರುವಲ್ಲಿಕ್ಕೇಣಿಯಲ್ಲಿ ಒಂದು ಕನ್ನಡದ ವೈಷ್ಣವ ಮನೆ. ಯಜಮಾನರಿಗೆ ದೆಹಲಿಗೆ ವರ್ಗವಾಗಿತ್ತು. ದೇವರ ಮನೆಗೆ ಮೇಸ್ತ್ರಿ ಕಾಲಿಡಕೂಡದೆಂದು ಅವರ ತಾಯಿ ಹೊಸ್ತಿಲಲ್ಲೇ ತಡೆದರು. ನಾನು ಜನಿವಾರದವನು, ಹಾಗಾಗಿ ನನ್ನನ್ನು ಬಿಟ್ಟರು. ಅದನ್ನು ಆಗ ಗೌರವವೆಂದುಕೊಂಡಿದ್ದೆ, ಮಂಕುದಿಣ್ಣೆ.

ಒಳಗೆ ಸೊಸೆ ಮರದ ಹಲಗೆಯ ಮೇಲೆ ಬರೆದ ತಂಜಾವೂರಿನ ಬೆಣ್ಣೆಕೃಷ್ಣನ ಪಟವನ್ನು ಇಳಿಸಿ ತೋರಿಸಿದರು. ಗಾಜು ನೆಟ್ಟಗಿತ್ತು. ಅದರ ಹಿಂದೆ, ಕೃಷ್ಣನ ಭುಜದಿಂದ ಸೊಂಟದವರೆಗೆ ಕೂದಲೆಳೆಯಷ್ಟು ಬಿರುಕು. ನಾನು ಪೆನ್ಸಿಲ್ ಎತ್ತಿದೆ.

"ಅದನ್ನ ಬರೀಬೇಡಿಪ್ಪಾ" ಎಂದರು ಪಿಸುದನಿಯಲ್ಲಿ. "ನೀವು ಓದೋವಾಗ ಅತ್ತೆ ಕೇಳಿಸ್ಕೋತಾರೆ. ಭಿನ್ನ ಆಗಿರೋ ದೇವರು ಮನೇಲಿರಬಾರದು ಅಂತ ಸಮುದ್ರಕ್ಕೆ ಬಿಡಿಸಿಬಿಡ್ತಾರೆ. ಅವರಿಗೆ ಕಣ್ಣು ಸರಿಯಾಗಿ ಕಾಣಿಸಲ್ಲ, ಅದಕ್ಕೇ ಇಷ್ಟು ದಿನ ಉಳೀತು. ನಮ್ಮಮ್ಮನ ಮನೆಯಿಂದ ಬಂದಿದ್ದು ಇದೊಂದೇ."

ಆಕೆಯ ಕಣ್ಣು ತುಂಬಿತ್ತು. ನನಗೆ ಊರಲ್ಲಿದ್ದ ಅಕ್ಕ ನೆನಪಾದಳು. "ಹದಿನೇಳು, ದೇವರ ಮನೆ, ಪಟ ಒಂದು, ನಾಜೂಕು, ಚೆನ್ನಾಗಿದೆ" ಎಂದು ಬರೆದೆ. ಆಕೆ ಪಟವನ್ನು ಮಡಿಬಟ್ಟೆಯಲ್ಲಿ ಸುತ್ತಿಕೊಟ್ಟರು. ಮೇಸ್ತ್ರಿ ಬಟ್ಟೆ ಬಿಚ್ಚದೆ ಹುಲ್ಲು ತುರುಕಿ ಪೆಟ್ಟಿಗೆಗೆ ಮೊಳೆ ಹೊಡೆದರು. ಓದುವಾಗ "ಚೆನ್ನಾಗಿದೆ" ಎಂದದ್ದು ಅತ್ತೆಗೆ ಕೇಳಿಸಲಿ ಎಂದೇ ದನಿ ಏರಿಸಿದ್ದೆ.

ಒಂದೂವರೆ ತಿಂಗಳಿಗೆ ಯಜಮಾನರ ಕಾಗದ ಬಂತು. ದೆಹಲಿಯಲ್ಲಿ ಅವರೇ ಪಟ್ಟಿ ಹಿಡಿದು ಒಂದೊಂದೇ ಪೆಟ್ಟಿಗೆ ಬಿಚ್ಚಿದ್ದರು. ಹದಿನೇಳರಲ್ಲಿ ಬಿರುಕು ಕಂಡಿತು, ಪಟ್ಟಿಯಲ್ಲಿ ಚೆನ್ನಾಗಿದೆ ಅಂತಿತ್ತು. ಪ್ರಾಮಾಣಿಕ ಮನುಷ್ಯ, ಕ್ಲೇಮು ಹಾಕಿದರು. ಪಟ್ಟಿಯ ಮಾತು ಆ ಪುಣ್ಯಾತ್ಮನಿಗೆ ಹೆಂಡತಿ ಹೇಳಿರಲಿಲ್ಲ. ವಿಮೆಯ ಸರ್ವೇಯರು ಬಂದು ನೋಡಿ, ಪೆಟ್ಟಿಗೆಗೆ ಪೆಟ್ಟಾಗಿಲ್ಲ, ಗಾಜೂ ಒಡೆದಿಲ್ಲ, ಆದ್ದರಿಂದ ಕಟ್ಟಿದ್ದೇ ಸರಿಯಿಲ್ಲ ಎಂದು ಬರೆದರು. ಹಾಗೆ ಬರೆದರೆ ವಿಮೆಯವರು ಕೊಡುವುದಿಲ್ಲ, ತಪ್ಪು ನಮ್ಮ ಕಂಪನಿಯದು. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ತಾಯಿಯವರ ಮಾತಿನಂತೆ ಪಟವನ್ನು ಯಮುನೆಗೆ ಬಿಡಲಾಗಿದೆ.

ಕಂಪನಿಯ ಒಡೆಯರು, ನಮ್ಮ ಮುದಲಾಳಿ, ಮೇಸ್ತ್ರಿಯನ್ನೂ ನನ್ನನ್ನೂ ಕರೆಸಿ ಪಟ್ಟಿಯನ್ನು ಮೇಜಿನ ಮೇಲೆ ಹರಡಿದರು. "ಕಟ್ಟೋ ಮೊದಲು ನೀನು ನೋಡಿದ್ದೀಯ ತಾನೆ?" ಎಂದು ನನ್ನನ್ನು ಕೇಳಿದರು.

"ನೋಡಿದ್ದೆ ಸಾರ್."

"ಚೆನ್ನಾಗಿತ್ತಾ?"

ಸುಳ್ಳು ಬರೆದ ಗುಮಾಸ್ತನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. "ಚೆನ್ನಾಗಿತ್ತು ಸಾರ್" ಎಂದೆ.

ಮೇಸ್ತ್ರಿ ವಾದಿಸುತ್ತಾರೆ, ಬಟ್ಟೆಯ ವಿಷಯ ಎತ್ತುತ್ತಾರೆ ಎಂದು ಕಾದೆ. ಅವರು ನನ್ನ ಮಾತನ್ನು ನಂಬಿಬಿಟ್ಟರು. ಎರಡೂ ಅಂಗೈ ಚಾಚಿ ಬಹಳ ಹೊತ್ತು ನೋಡಿಕೊಂಡು, "ಕೈ ಪೋಚ್ಚು, ತಂಬಿ" ಎಂದರು. ನನ್ನ ಕೈ ಹೋಯಿತು, ತಮ್ಮಾ. ಇನ್ನು ಗಾಜು, ಪಿಂಗಾಣಿ ಮುಟ್ಟುವುದಿಲ್ಲ, ಮುಚ್ಚಳಕ್ಕೆ ಮೊಳೆ ಹೊಡೆದುಕೊಂಡಿರುತ್ತೇನೆ ಎಂದು ತಾವೇ ಕೇಳಿಕೊಂಡರು.

ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಭಾನುವಾರ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ, ಹೊಡೆದರೂ ಸರಿ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ನಾನು ಕಟ್ಟೋಕೆ ಮುಂಚೇನೇ ಇತ್ತಾ?" ಹೌದೆಂದೆ. ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು, ನನ್ನ ಕೈಗೇನೂ ಆಗಿಲ್ಲವಂತೆ ಎಂದು ಮಗುವಿನಂತೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಮುದಲಾಳಿಗೆ ಯಾವಾಗ ಹೇಳ್ತೀಯ?" ಎಂದರು.

ನಾಳೆ ಎಂದೆ.

ಹೇಳಲಿಲ್ಲ. ಅವರೂ ಹೇಳಲಿಲ್ಲ, ಮತ್ತೆ ಕೇಳಲೂ ಇಲ್ಲ. ಎರಡು ವರ್ಷ ಮೊಳೆ ಹೊಡೆದರು. ನಾನು ಯಾರದೋ ಮನೆಯ ಜಗಲಿಯಲ್ಲಿ ನಿಂತು ಪಟ್ಟಿ ಓದುತ್ತ "ಚೆನ್ನಾಗಿದೆ" ಎಂದಾಗಲೆಲ್ಲ, ಹಿಂದೆ ಅವರ ಸುತ್ತಿಗೆಯ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು.