ಎರಡನೇ ಸಲ ನುಡಿಸಿದ್ದು

ಸಂಗೀತ ರಸಗ್ರಹಣದ ಕೋರ್ಸಿಗೆ ಹದಿನೆಂಟು ವರ್ಷಗಳಿಂದ ಧ್ವನಿಮುದ್ರಣ ಕೇಳಿ ಉತ್ತರಿಸುವ ಪರೀಕ್ಷೆಯ ಪ್ರಶ್ನೆಗಳನ್ನು ಬರೆಯುತ್ತಿದ್ದ ಪಿಟೀಲು ಮೇಡಂಗೆ ತಂಗಿಯ ಹೆಸರೆತ್ತಿದರೆ ಹೊಟ್ಟೆ ಉರಿಯುತ್ತಿತ್ತು. ಇಬ್ಬರೂ ಕಲಿತದ್ದು ಒಂದೇ ಪಿಟೀಲಿನಲ್ಲಿ; ಕಛೇರಿ, ಚಪ್ಪಾಳೆಯೆಲ್ಲ ತಂಗಿಯ ಪಾಲಾಗಿತ್ತು. ಈ ಸಲ ಮೂರನೇ ಪ್ರಶ್ನೆಗೆ ಪರೀಕ್ಷಾ ಸಮಿತಿ ಆರಿಸಿದ್ದೂ ಆ ಮಹಾರಾಣಿಯ ಧ್ವನಿಮುದ್ರಣವನ್ನೇ. ಮೇಡಂ ಸದ್ದಿಲ್ಲದೆ ಅದನ್ನು ತೆಗೆದು, ಅದೇ ಹಾಡನ್ನು ತಾವು ನುಡಿಸಿದ್ದ ತುಣುಕು ಹಾಕಿದರು.

ಪ್ರಶ್ನೆ: ‘ಹಾಡಿನ ಸಾಲನ್ನು ಎರಡನೇ ಸಲ ನುಡಿಸುವಾಗ ಆಗುವ ಎರಡು ಬದಲಾವಣೆಗಳನ್ನು ಬರೆಯಿರಿ.’ ಮೌಲ್ಯಮಾಪಕರಿಗೆ ಸೂಚನೆ: ‘ನಿಧಾನವಾಗಿದೆ, ಒಂದು ಅಂಕ. ಮೆದುವಾಗಿದೆ, ಒಂದು ಅಂಕ. ಬರೀ ಚೆನ್ನಾಗಿದೆ ಎಂದರೆ ಅಂಕವಿಲ್ಲ.’

ಪ್ರಶ್ನೆಯನ್ನು ಮೊದಲು ಇಪ್ಪತ್ತು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ತುಣುಕನ್ನು ಮೂರು ಸಲ ಕೇಳಿಸಿದ ಮೇಲೂ ಹತ್ತೊಂಬತ್ತು ಮಂದಿ ‘ಏನೂ ಬದಲಾಗಿಲ್ಲ’ ಎಂದು ಬರೆದರು.

“ಮೇಡಂ, ನಂಗೂ ಏನೂ ಗೊತ್ತಾಗ್ಲಿಲ್ಲ. ನಿಮ್ಮ ತಂಗೀದನ್ನೇ ವಾಪಸ್ ಹಾಕ್ಬಿಡೋಣ್ವಾ?” ಎಂದರು ಜೊತೆಯ ಪರೀಕ್ಷಕರು.

ಮೇಡಂ ಹೆಡ್‌ಫೋನ್ ಹಾಕಿಕೊಂಡು ಕೇಳಿದರು, ಮತ್ತೆ ಕೇಳಿದರು. ಮೊದಲ ಸಲ ನುಡಿಸಿದ್ದೂ ಎರಡನೇ ಸಲ ನುಡಿಸಿದ್ದೂ ಒಂದೇ ಥರ ಇತ್ತು. ಕಿವಿ ಬಿಸಿಯಾಯಿತು.

“ತುಣುಕು ಯಾಕ್ರೀ ಬದಲಾಯಿಸ್ಬೇಕು?” ಎಂದವರೇ ಕೆಂಪು ಪೆನ್ನಿನಿಂದ ಸೂಚನೆಗೆ ಒಂದು ಸಾಲು ಸೇರಿಸಿದರು: ‘ಏನೂ ಬದಲಾಗಿಲ್ಲ ಎಂದವರಿಗೆ ಪೂರ್ತಿ ಅಂಕ.’